ತಾಳೆಪಟ್ಟಿ ತೋರಿಸದ ತಪ್ಪುಗಳು ಮತ್ತು ಅನಾಮತ್ತು ಖಾತೆ: ಗಂಗಾವತಿಯ ಒಂದು ಅಕ್ಕಿ ಅಂಗಡಿಯ ಲೆಕ್ಕದೊಂದಿಗೆ ಹಂತ ಹಂತವಾಗಿ

ಪ್ರತಿ ಏಪ್ರಿಲ್‌ನಲ್ಲಿ ನನ್ನ ಮೇಜಿಗೆ ಒಂದೇ ಬಗೆಯ ಪುಸ್ತಕಗಳು ಬರುತ್ತವೆ. ಎಲ್ಲ ಖಾತೆಗಳ ಡೆಬಿಟ್ ಮತ್ತು ಕ್ರೆಡಿಟ್ ಶಿಲ್ಕುಗಳನ್ನು ಒಂದೆಡೆ ಬರೆದು ತಾಳೆ ನೋಡುವ ತಾಳೆಪಟ್ಟಿಯ ಎರಡು ಬದಿ ಕೂಡಿರುವುದಿಲ್ಲ. ವ್ಯತ್ಯಾಸವನ್ನು, ತಪ್ಪು ಸಿಗುವವರೆಗೆ ಅದನ್ನು ಹಿಡಿದಿಡುವ ಅನಾಮತ್ತು ಖಾತೆಗೆ ಹಾಕಿರುತ್ತಾರೆ. ಆಮೇಲೆ ಸಿಕ್ಕ ಪ್ರತಿಯೊಂದು ತಪ್ಪನ್ನೂ, ಅದು ಎಂಥದ್ದೇ ಇರಲಿ, ಅದೇ ಖಾತೆಯ ಮೂಲಕ ತಿದ್ದಿರುತ್ತಾರೆ. ಕೊನೆಗೆ ಅನಾಮತ್ತು ಖಾತೆಯ ಶಿಲ್ಕು ಕರಗುವ ಬದಲು ಬೆಳೆದಿರುತ್ತದೆ. ಪಿಯುಸಿ ಮತ್ತು ಬಿಕಾಂ ವಿದ್ಯಾರ್ಥಿಗಳೂ ಇದೇ ಜಾಗದಲ್ಲಿ ಅಂಕ ಕಳೆದುಕೊಳ್ಳುತ್ತಾರೆ, ಅಂಗಡಿಯ ಗುಮಾಸ್ತರೂ ಇಲ್ಲಿಯೇ ಸಿಕ್ಕಿಬೀಳುತ್ತಾರೆ.

ಕಳೆದ ಬಾರಿ ಬಂದದ್ದು ಗಂಗಾವತಿಯ ಒಂದು ಸಗಟು ಅಕ್ಕಿ ಅಂಗಡಿಯ ಪುಸ್ತಕ. ಮಾರ್ಚ್ 31ರ ತಾಳೆಪಟ್ಟಿಯಲ್ಲಿ ಡೆಬಿಟ್ ಬದಿ 18,64,700 ರೂಪಾಯಿ, ಕ್ರೆಡಿಟ್ ಬದಿ 18,50,500 ರೂಪಾಯಿ. ವ್ಯತ್ಯಾಸ 14,200. ಲೆಕ್ಕ ಬರೆಯುವ ಹುಡುಗ ಮೂರು ರಾತ್ರಿ ಕೂತು 14,200 ಎಂಬ ಒಂದೇ ಅಂಕಿಯನ್ನು ಹುಡುಕಿದ್ದ. ಸಿಗಲಿಲ್ಲ, ಸಿಗುವುದೂ ಸಾಧ್ಯವಿರಲಿಲ್ಲ. ಅದು ನಾಲ್ಕು ತಪ್ಪುಗಳು ಕೂಡಿ ಕಳೆದು ಉಳಿದ ಅಂಕಿ. ಜೊತೆಗೆ, ಪಟ್ಟಿಯಲ್ಲಿ ಕಾಣದ ಇನ್ನೂ ಮೂರು ತಪ್ಪುಗಳು ಪುಸ್ತಕದೊಳಗೆ ಸುಮ್ಮನೆ ಕೂತಿದ್ದವು. ಇದೇ ಲೆಕ್ಕವನ್ನು ಹಿಡಿದುಕೊಂಡು ಹೋಗೋಣ. ಸರಕಿಗೆ ಜಿಎಸ್‌ಟಿ ಇಲ್ಲವೆಂದು ಇಟ್ಟುಕೊಳ್ಳಿ. ತೆರಿಗೆ ಸೇರಿಸಿದರೆ ಪ್ರತಿ ನಮೂದಿಗೂ ಒಂದೆರಡು ಸಾಲು ಹೆಚ್ಚುತ್ತದೆ, ವಿಧಾನ ಬದಲಾಗುವುದಿಲ್ಲ.

## ಶುರು ಮಾಡುವ ಮುನ್ನ ಕೈಗೆ ಬೇಕಾದದ್ದು

ನಗದು ಪುಸ್ತಕ, ಖರೀದಿ ಪುಸ್ತಕ, ಮಾರಾಟ ಪುಸ್ತಕ, ಖಾತಾ ಪುಸ್ತಕ, ತಾಳೆಪಟ್ಟಿಯ ಕಚ್ಚಾ ಪ್ರತಿ. ಇವಿಷ್ಟು ಎಲ್ಲರ ಬಳಿಯೂ ಇರುತ್ತವೆ. ಇಲ್ಲದಿರುವುದು ಮಾರಾಟದ ಬಿಲ್ ಪುಸ್ತಕದ ಎರಡನೆಯ ಪ್ರತಿಗಳು, ವೋಚರುಗಳ ಕಡತ ಮತ್ತು ಬ್ಯಾಂಕ್ ಪಾಸ್‌ಬುಕ್. ಇವು ಮೇಜಿನ ಮೇಲೆ ಇಲ್ಲದಿದ್ದರೆ ಕೆಲಸ ಹಿಡಿಯಬೇಡಿ. ತಾಳೆಪಟ್ಟಿ ತೋರಿಸದ ತಪ್ಪುಗಳು ಪುಸ್ತಕವನ್ನು ಪುಸ್ತಕದೊಂದಿಗೆ ಹೋಲಿಸಿದರೆ ಸಿಗುವುದಿಲ್ಲ, ಪುಸ್ತಕವನ್ನು ಹೊರಗಿನ ಕಾಗದದೊಂದಿಗೆ ಹೋಲಿಸಿದಾಗಲೇ ಸಿಗುತ್ತವೆ.

ಕೆಂಪು ಮತ್ತು ಹಸಿರು ಪೆನ್ನು ಇರಲಿ. ತಾಳೆ ನೋಡಿದ ಅಂಕಿಗೆ ಹಸಿರು ಗುರುತು, ತಪ್ಪಿಗೆ ಕೆಂಪು. ಬಿಳಿ ಅಳಿಸುವ ದ್ರವವನ್ನು ಮೇಜಿನಿಂದ ದೂರವಿಡಿ. ತಾಳೆಪಟ್ಟಿ ಒಮ್ಮೆ ತಯಾರಾದ ಮೇಲೆ ಖಾತೆಯ ಅಂಕಿಯನ್ನು ಅಳಿಸಿ ತಿದ್ದುವಂತಿಲ್ಲ, ಜರ್ನಲ್ ನಮೂದಿನ ಮೂಲಕವೇ ತಿದ್ದಬೇಕು. ಅಳಿಸಿದ ಪುಸ್ತಕ ನೋಡಿದ ಲೆಕ್ಕಪರಿಶೋಧಕರು ಮಿಕ್ಕ ಪುಟಗಳನ್ನೂ ನಂಬುವುದಿಲ್ಲ.

## ಹಂತ 1: ಮೊದಲು ಪಟ್ಟಿಯನ್ನೇ ಅನುಮಾನಿಸಿ

ವ್ಯತ್ಯಾಸ ಕಂಡ ಕೂಡಲೇ ಅನಾಮತ್ತು ಖಾತೆ ತೆರೆಯುವುದು ಎಲ್ಲರೂ ಮಾಡುವ ಮೊದಲ ತಪ್ಪು. ಖಾತೆಗಳು ಸರಿಯಿದ್ದು ಪಟ್ಟಿ ಮಾತ್ರ ತಪ್ಪಿರುವ ಸಂದರ್ಭಗಳು ಬಹಳ. ಆದ್ದರಿಂದ ಕೆಲಸ ಈ ಕ್ರಮದಲ್ಲಿ ಸಾಗಲಿ.

ಪಟ್ಟಿಯ ಎರಡೂ ಕಾಲಂಗಳನ್ನು ಕೆಳಗಿನಿಂದ ಮೇಲಕ್ಕೆ ಮತ್ತೆ ಕೂಡಿ. ಮೇಲಿನಿಂದ ಕೆಳಕ್ಕೆ ಕೂಡಿದರೆ ಮೊದಲ ಬಾರಿ ಎಡವಿದ ಜಾಗದಲ್ಲೇ ಮತ್ತೆ ಎಡವುತ್ತೀರಿ. ನಂತರ ಖಾತಾ ಪುಸ್ತಕದ ಮೊದಲ ಪುಟದಿಂದ ಕೊನೆಯ ಪುಟದವರೆಗೆ ತಿರುವುತ್ತಾ ಶಿಲ್ಕು ಇರುವ ಪ್ರತಿ ಖಾತೆಯೂ ಪಟ್ಟಿಗೆ ಬಂದಿದೆಯೇ, ಸರಿಯಾದ ಬದಿಗೆ ಬಂದಿದೆಯೇ ನೋಡಿ. ಪಟ್ಟಿಯಿಂದ ಖಾತೆಗೆ ಹೋಗಬೇಡಿ, ಖಾತೆಯಿಂದ ಪಟ್ಟಿಗೆ ಬನ್ನಿ. ಪಟ್ಟಿಯಲ್ಲಿ ಇಲ್ಲದ ಹೆಸರು ಪಟ್ಟಿಯನ್ನು ಎಷ್ಟು ದಿಟ್ಟಿಸಿದರೂ ಕಾಣುವುದಿಲ್ಲ.

ನಮ್ಮ ಹುಡುಗ ಇಲ್ಲಿಯೇ ಸೋತಿದ್ದ. ಯಲಬುರ್ಗಾದ ಒಬ್ಬ ಗಿರಾಕಿಯ ಖಾತೆಯಲ್ಲಿ 7,300 ರೂಪಾಯಿ ಬಾಕಿ ಇತ್ತು. ಖಾತೆಯ ಎರಡು ಪುಟಗಳು ಅಂಟಿಕೊಂಡಿದ್ದವು, ಹೆಸರು ಪಟ್ಟಿಗೆ ಬಂದಿರಲಿಲ್ಲ. ಅವನು ಪಟ್ಟಿಯನ್ನು ಐದು ಬಾರಿ ಕೂಡಿದ್ದ, ಖಾತಾ ಪುಸ್ತಕವನ್ನು ಒಮ್ಮೆಯೂ ತಿರುವಿರಲಿಲ್ಲ.

ಈಗ ಪುಸ್ತಕಗಳಲ್ಲಿ ಬಹುಕಾಲದಿಂದ ಹೇಳುತ್ತಾ ಬಂದ ಎರಡು ಉಪಾಯಗಳ ಮಾತು. ವ್ಯತ್ಯಾಸವನ್ನು 2ರಿಂದ ಭಾಗಿಸಿ ಬಂದ ಅಂಕಿಯನ್ನು ಹುಡುಕಿದರೆ ತಪ್ಪು ಬದಿಗೆ ಬರೆದ ಮೊತ್ತ ಸಿಗಬಹುದು. ವ್ಯತ್ಯಾಸ 9ರಿಂದ ನಿಶ್ಶೇಷವಾಗಿ ಭಾಗವಾದರೆ ಅಂಕಿಗಳು ಹಿಂದುಮುಂದಾಗಿರಬಹುದು ಅಥವಾ ಒಂದು ಸೊನ್ನೆ ಹೆಚ್ಚು ಕಡಿಮೆಯಾಗಿರಬಹುದು. ಎರಡೂ ನಿಜ, ಆದರೆ ಪುಸ್ತಕದಲ್ಲಿ ಒಂದೇ ತಪ್ಪು ಇದ್ದಾಗ ಮಾತ್ರ ನೇರವಾಗಿ ಕೆಲಸಕ್ಕೆ ಬರುತ್ತವೆ. 14,200ರ ಅರ್ಧ 7,100. ಆ ಅಂಕಿ ಪುಸ್ತಕದಲ್ಲಿ ಎಲ್ಲಿಯೂ ಇಲ್ಲ. 14,200 ಒಂಬತ್ತರಿಂದ ಭಾಗವಾಗುವುದೂ ಇಲ್ಲ. ಆದರೂ ಬದಿ ತಪ್ಪಿದ ಮೊತ್ತವೂ ಹಿಂದುಮುಂದಾದ ಅಂಕಿಯೂ ಎರಡೂ ಈ ಪುಸ್ತಕದಲ್ಲಿ ಇದ್ದವು! ಆದ್ದರಿಂದ ಉಪಾಯಕ್ಕೆ ಹತ್ತು ನಿಮಿಷ ಕೊಡಿ, ಅದಕ್ಕಿಂತ ಹೆಚ್ಚು ಬೇಡ.

ಎಚ್ಚರಿಕೆಯ ಗುರುತು: ವ್ಯತ್ಯಾಸ 10 ರೂಪಾಯಿ ಮಾತ್ರ ಎಂದು ಅದನ್ನು ಇತರೆ ಖರ್ಚಿಗೆ ತಳ್ಳಿಬಿಡುವವರಿದ್ದಾರೆ. ಆ 10 ರೂಪಾಯಿ, ಒಂದು ಬದಿಯ 50,010 ಮತ್ತು ಇನ್ನೊಂದು ಬದಿಯ 50,000 ಎಂಬ ಎರಡು ಬೇರೆ ಬೇರೆ ತಪ್ಪುಗಳ ನಡುವೆ ಉಳಿದದ್ದಾಗಿರಬಹುದು.

## ಹಂತ 2: ಅನಾಮತ್ತು ಖಾತೆಯನ್ನು ಸರಿಯಾದ ಬದಿಯಲ್ಲಿ ತೆರೆಯಿರಿ

ಹುಡುಕಿಯೂ ಸಿಗದೆ, ಕೆಲಸ ಮುಂದುವರಿಯಬೇಕಾದಾಗ ವ್ಯತ್ಯಾಸವನ್ನು ಕಡಿಮೆ ಇರುವ ಬದಿಗೆ ಅನಾಮತ್ತು ಖಾತೆಯ ಹೆಸರಿನಲ್ಲಿ ಬರೆಯಬೇಕು. ನಮ್ಮ ಲೆಕ್ಕದಲ್ಲಿ ಕ್ರೆಡಿಟ್ ಬದಿ ಕಡಿಮೆ. ಆದ್ದರಿಂದ ಅನಾಮತ್ತು ಖಾತೆ ಕ್ರೆಡಿಟ್ ಬದಿಯಲ್ಲಿ 14,200 ರೂಪಾಯಿಯೊಂದಿಗೆ ನಿಲ್ಲುತ್ತದೆ. ಈಗ ಎರಡೂ ಬದಿ 18,64,700.

ಇದೊಂದು ತಾತ್ಕಾಲಿಕ ಖಾತೆ. ಇದರ ಹಿಂದೆ ಮನುಷ್ಯನಿಲ್ಲ, ಸರಕಿಲ್ಲ, ನಗದಿಲ್ಲ. ತಪ್ಪು ಸಿಗುವ ಮುನ್ನವೇ ಆಸ್ತಿ ಹೊಣೆ ಪಟ್ಟಿ ತಯಾರಿಸಬೇಕಾಗಿ ಬಂದರೆ ಕ್ರೆಡಿಟ್ ಶಿಲ್ಕನ್ನು ಹೊಣೆಗಳ ಬದಿಯಲ್ಲಿ, ಡೆಬಿಟ್ ಶಿಲ್ಕನ್ನು ಆಸ್ತಿಗಳ ಬದಿಯಲ್ಲಿ ಅದೇ ಹೆಸರಿನಿಂದ ತೋರಿಸಬೇಕು. ಬಡ್ಡಿ, ರಿಯಾಯಿತಿ ಮುಂತಾದ ಹೆಸರುಗಳ ಹಿಂದೆ ಅದನ್ನು ಮುಚ್ಚಿಡುವಂತಿಲ್ಲ.

## ಹಂತ 3: ಸಿಕ್ಕ ಪ್ರತಿ ತಪ್ಪಿಗೂ ಮೂರು ಸಾಲು ಬರೆಯಿರಿ

ಇಡೀ ವಿಷಯದ ಕೀಲಿ ಈ ಹಂತದಲ್ಲಿದೆ. ತಿದ್ದುಪಡಿಯ ನಮೂದನ್ನು ನೆನಪಿನಿಂದ ಬರೆಯಲು ಹೋಗಬೇಡಿ. ಕಚ್ಚಾ ಹಾಳೆಯಲ್ಲಿ ಮೂರು ಸಾಲು ಬರೆಯಿರಿ.

ಮೊದಲ ಸಾಲು: ಪುಸ್ತಕದಲ್ಲಿ ನಿಜವಾಗಿ ಏನು ಬರೆಯಲಾಗಿದೆ. ಎರಡನೆಯ ಸಾಲು: ಏನು ಬರೆಯಬೇಕಿತ್ತು. ಮೂರನೆಯ ಸಾಲು: ಮೊದಲನೆಯದನ್ನು ಎರಡನೆಯದಾಗಿಸಲು ಯಾವ ಖಾತೆಗೆ ಯಾವ ಬದಿಯಲ್ಲಿ ಎಷ್ಟು ಸೇರಿಸಬೇಕು.

ಮೂರನೆಯ ಸಾಲಿನಲ್ಲಿ ಡೆಬಿಟ್ ಮತ್ತು ಕ್ರೆಡಿಟ್ ತಾವಾಗಿಯೇ ಸಮವಾದರೆ ಆ ತಪ್ಪು ತಾಳೆಪಟ್ಟಿಯಲ್ಲಿ ಕಾಣದ ತಪ್ಪು, ಅನಾಮತ್ತು ಖಾತೆಗೆ ಅಲ್ಲಿ ಕೆಲಸವಿಲ್ಲ. ಸಮವಾಗದಿದ್ದರೆ, ಎಷ್ಟು ಕೊರತೆಯೋ ಅಷ್ಟನ್ನು ಮಾತ್ರ ಕೊರತೆಯ ಬದಿಯಲ್ಲಿ ಅನಾಮತ್ತು ಖಾತೆಗೆ ಬರೆಯಿರಿ. ಅನಾಮತ್ತು ಖಾತೆ ಎಂದೂ ಮೊದಲು ಬರುವುದಿಲ್ಲ, ಉಳಿದದ್ದನ್ನೆಲ್ಲ ಬರೆದಾದ ಮೇಲೆ ಕಂಡಿ ಮುಚ್ಚಲು ಬರುತ್ತದೆ.

ಮಿಶ್ರ ತಪ್ಪುಗಳಲ್ಲಿ ಈ ವಿಧಾನದ ಬೆಲೆ ತಿಳಿಯುತ್ತದೆ. ಹಮಾಲಿಗೆ ಕೊಟ್ಟ 2,000 ರೂಪಾಯಿಯನ್ನು ಬಾಡಿಗೆ ಖಾತೆಗೆ 200 ಎಂದು ಏರಿಸಿದ್ದಾರೆ ಎನ್ನಿ. ನಗದು ಪುಸ್ತಕದಲ್ಲಿ 2,000 ಸರಿಯಾಗಿಯೇ ಇದೆ. ಹಮಾಲಿ ಖಾತೆಗೆ ಡೆಬಿಟ್ 2,000 ಬೇಕು, ಬಾಡಿಗೆ ಖಾತೆಯಿಂದ 200 ತೆಗೆಯಲು ಕ್ರೆಡಿಟ್ 200 ಬೇಕು. ಕ್ರೆಡಿಟ್ ಬದಿಗೆ 1,800 ಕೊರತೆ, ಅಷ್ಟೇ ಅನಾಮತ್ತು ಖಾತೆಗೆ. ಇದನ್ನು ಬಾಯಿಪಾಠದಿಂದ ಮಾಡಲು ಹೋದವರು 2,000 ಎಂದೋ 200 ಎಂದೋ ಬರೆದು ಬರುತ್ತಾರೆ.

## ಹಂತ 4: ಒಂದು ಬದಿಯ ತಪ್ಪುಗಳನ್ನು ತಿದ್ದುವುದು

ಈಗ ಅಂಗಡಿಯ ಪುಸ್ತಕಕ್ಕೆ ಬರೋಣ. ಹುಡುಕಾಟದ ಕ್ರಮವೂ ಮುಖ್ಯ. ಪಟ್ಟಿ, ನಂತರ ಉಪಪುಸ್ತಕಗಳ ಕೂಡಿಕೆ, ನಂತರ ಪುಟದಿಂದ ಪುಟಕ್ಕೆ ಒಯ್ದ ಮೊತ್ತ, ಕೊನೆಗೆ ಒಂದೊಂದೇ ಖತಾವಣಿ, ಅಂದರೆ ಖಾತೆಗೆ ಏರಿಸಿದ ನಮೂದು. ಬೇಗ ಮುಗಿಯುವ ಕೆಲಸ ಮೊದಲು, ಬೆನ್ನು ಮುರಿಯುವ ಕೆಲಸ ಕೊನೆಗೆ.

ಖರೀದಿ ಪುಸ್ತಕದ ಕೂಡಿಕೆ. ಫೆಬ್ರವರಿ ತಿಂಗಳ ಮೊತ್ತವನ್ನು 10,000 ಹೆಚ್ಚು ಕೂಡಲಾಗಿತ್ತು. ಹಸ್ತದ 1ನ್ನು ಎರಡು ಬಾರಿ ಸೇರಿಸಿದ್ದ. ಗಿರಣಿಯವರ ಖಾತೆಗಳಿಗೆ ಬಿಲ್ಲುಗಳು ಒಂದೊಂದಾಗಿ ಸರಿಯಾಗಿಯೇ ಹೋಗಿವೆ. ತಿಂಗಳ ಮೊತ್ತ ಮಾತ್ರ ಖರೀದಿ ಖಾತೆಗೆ ಹೆಚ್ಚಾಗಿ ಏರಿದೆ. ಮೂರನೆಯ ಸಾಲಿನಲ್ಲಿ ಬರುವುದು ಒಂದೇ: ಖರೀದಿ ಖಾತೆಗೆ ಕ್ರೆಡಿಟ್ 10,000. ಡೆಬಿಟ್ ಕೊರತೆ 10,000.

ಅನಾಮತ್ತು ಖಾತೆ ಡೆಬಿಟ್ 10,000
ಖರೀದಿ ಖಾತೆ ಕ್ರೆಡಿಟ್ 10,000

ಇಲ್ಲಿ ಬಹಳ ಜನ ಗಿರಣಿಯವರ ಖಾತೆಯನ್ನು ಎಳೆದು ತರುತ್ತಾರೆ. ಬಿಲ್ಲನ್ನೇ ತಪ್ಪಾಗಿ ಬರೆದಿದ್ದರೆ ಎರಡೂ ಖಾತೆಗಳು ಕೆಡುತ್ತಿದ್ದವು. ಉಪಪುಸ್ತಕದ ಕೂಡಿಕೆ ತಪ್ಪಿದರೆ ಮೊತ್ತ ಹೋಗಿ ಸೇರುವ ಒಂದು ಖಾತೆ ಮಾತ್ರ ಕೆಡುತ್ತದೆ. ಈ ಭೇದ ಕೈಗೆ ಹತ್ತಿದರೆ ಅರ್ಧ ಕೆಲಸ ಮುಗಿದಂತೆ.

ತಪ್ಪು ಬದಿಗೆ ಹೋದ ವಸೂಲಿ. ಕುಷ್ಟಗಿಯ ಗಿರಾಕಿಯಿಂದ 6,200 ರೂಪಾಯಿ ಬಂದಿತ್ತು. ನಗದು ಪುಸ್ತಕದಲ್ಲಿ ಸರಿಯಾಗಿದೆ. ಗಿರಾಕಿಯ ಖಾತೆಯ ಕ್ರೆಡಿಟ್ ಬದಿಗೆ ಬರೆಯುವ ಬದಲು ಡೆಬಿಟ್ ಬದಿಗೆ ಬರೆದಿದ್ದಾನೆ. ಕೊಟ್ಟವನ ಸಾಲ ಇಳಿಯುವ ಬದಲು ಏರಿದೆ. ಇಲ್ಲಿ 6,200 ಕ್ರೆಡಿಟ್ ಮಾಡಿದರೆ ತಪ್ಪಾಗಿ ಬರೆದದ್ದು ಅಳಿಯುತ್ತದೆ, ಅಷ್ಟೇ. ಬರೆಯಬೇಕಿದ್ದ 6,200 ಇನ್ನೂ ಬಾಕಿ. ಆದ್ದರಿಂದ ಎರಡು ಪಟ್ಟು.

ಅನಾಮತ್ತು ಖಾತೆ ಡೆಬಿಟ್ 12,400
ಕುಷ್ಟಗಿ ಗಿರಾಕಿಯ ಖಾತೆ ಕ್ರೆಡಿಟ್ 12,400

ಹಿಂದುಮುಂದಾದ ಅಂಕಿ. ಈಗ ತಪ್ಪುಗಳು ಕಡಿಮೆಯಾಗಿವೆ, ಉಪಾಯಕ್ಕೆ ಜೀವ ಬರುವ ಹೊತ್ತು. ಯಲಬುರ್ಗಾದ 7,300 ಪಟ್ಟಿಗೆ ಸೇರಿದ ಮೇಲೆ ಡೆಬಿಟ್ ಬದಿಯ ಹೆಚ್ಚಳ 21,500 ಆಯಿತು. ಗಮನಿಸಿ, ತಪ್ಪೊಂದು ಸರಿಯಾದಾಗ ವ್ಯತ್ಯಾಸ ಹಿಗ್ಗಿತು. ಹುಡುಗ ಇದನ್ನು ನೋಡಿ ಗಾಬರಿಯಾಗಿದ್ದ. ಗಾಬರಿಗೆ ಕಾರಣವಿಲ್ಲ, ವಿರುದ್ಧ ದಿಕ್ಕಿನ ತಪ್ಪುಗಳು ಒಂದನ್ನೊಂದು ಮುಚ್ಚಿಕೊಂಡಿದ್ದವು, ಅಷ್ಟೆ. 12,400 ಮತ್ತು 10,000 ಸರಿಯಾದ ಮೇಲೆ ಡೆಬಿಟ್ ಬದಿ 900 ಕಡಿಮೆಯಾಗಿ ನಿಂತಿತು.

900 ಒಂಬತ್ತರಿಂದ ಭಾಗವಾಗುತ್ತದೆ, ಭಾಗಲಬ್ಧ 100. ಅಂದರೆ ಸಾವಿರದ ಮತ್ತು ನೂರರ ಸ್ಥಾನದ ಅಂಕಿಗಳು ಅದಲು ಬದಲಾಗಿರಬಹುದು, ಅವೆರಡರ ನಡುವೆ 1ರ ವ್ಯತ್ಯಾಸ ಇರಬಹುದು. ನಗದು ಪುಸ್ತಕದ ಪಾವತಿ ಬದಿಯಲ್ಲಿ 43, 54, 65 ಎಂಬಂತೆ ಶುರುವಾಗುವ ನಾಲ್ಕಂಕಿಯ ಮೊತ್ತಗಳಿಗೆ ಮಾತ್ರ ಬೆರಳಿಟ್ಟೆವು. ಹತ್ತು ನಿಮಿಷದೊಳಗೆ ಸಿಕ್ಕಿತು. ಹಮಾಲಿಗೆ ಕೊಟ್ಟದ್ದು 4,350, ಹಮಾಲಿ ಖಾತೆಗೆ ಏರಿದ್ದು 3,450.

ಹಮಾಲಿ ಖಾತೆ ಡೆಬಿಟ್ 900
ಅನಾಮತ್ತು ಖಾತೆ ಕ್ರೆಡಿಟ್ 900

ಪಟ್ಟಿಯಿಂದ ಬಿಟ್ಟುಹೋದ ಶಿಲ್ಕು. ಯಲಬುರ್ಗಾದ 7,300ರ ಬಗ್ಗೆ ಸ್ವಲ್ಪ ನಿಲ್ಲಬೇಕು. ಪರೀಕ್ಷೆಯ ಉತ್ತರಗಳಲ್ಲಿ ಗಿರಾಕಿಯ ಖಾತೆ ಡೆಬಿಟ್, ಅನಾಮತ್ತು ಖಾತೆ ಕ್ರೆಡಿಟ್ ಎಂದು ಬರೆಯುವುದು ರೂಢಿ. ಉತ್ತರಪತ್ರಿಕೆಗೆ ಅದು ಸಾಕು. ಅಂಗಡಿಯ ಪುಸ್ತಕದಲ್ಲಿ ಹಾಗೆಯೇ ಖಾತೆಗೆ ಏರಿಸಿದರೆ ಹೊಸ ತಪ್ಪು ಹುಟ್ಟುತ್ತದೆ. ಗಿರಾಕಿಯ ಖಾತೆಯಲ್ಲಿ 7,300 ಮೊದಲೇ ಸರಿಯಾಗಿದೆ. ಮತ್ತೊಮ್ಮೆ ಡೆಬಿಟ್ ಮಾಡಿದರೆ ಅವನ ಬಾಕಿ 14,600 ಆಗುತ್ತದೆ. ಇಲ್ಲಿ ತಪ್ಪಿದ್ದು ಖಾತೆಯಲ್ಲ, ಪಟ್ಟಿ. ಆದ್ದರಿಂದ ಪಟ್ಟಿಯಲ್ಲಿ ಹೆಸರು ಸೇರಿಸಿ, ಅನಾಮತ್ತು ಖಾತೆಯ ಕ್ರೆಡಿಟ್ ಬದಿಗೆ 7,300 ಬರೆದು, ‘ಪಟ್ಟಿಗೆ ಬಿಟ್ಟುಹೋದ ಶಿಲ್ಕು’ ಎಂದು ವಿವರಣೆ ಕೊಡಿ. ಗಿರಾಕಿಯ ಖಾತೆಯನ್ನು ಮುಟ್ಟಬೇಡಿ.

## ಹಂತ 5: ಅನಾಮತ್ತು ಖಾತೆಯನ್ನು ಮುಚ್ಚಿ

ಖಾತೆಯ ಕ್ರೆಡಿಟ್ ಬದಿಯಲ್ಲಿ ಆರಂಭದ 14,200, ಹಮಾಲಿ 900, ಪಟ್ಟಿಗೆ ಬಿಟ್ಟುಹೋದ 7,300. ಒಟ್ಟು 22,400. ಡೆಬಿಟ್ ಬದಿಯಲ್ಲಿ ಖರೀದಿ 10,000, ಕುಷ್ಟಗಿ ಗಿರಾಕಿ 12,400. ಒಟ್ಟು 22,400. ಶಿಲ್ಕು ಇಲ್ಲ, ಖಾತೆ ಮುಚ್ಚಿತು.

ಮುಚ್ಚದಿದ್ದರೆ ಮೊದಲು ಹೊಸ ತಪ್ಪುಗಳನ್ನು ಹುಡುಕಲು ಹೋಗಬೇಡಿ, ನಿಮ್ಮ ತಿದ್ದುಪಡಿಗಳನ್ನೇ ನೋಡಿ. ಒಂದು ತಿದ್ದುಪಡಿಯನ್ನು ಉಲ್ಟಾ ಬದಿಗೆ ಬರೆದಿದ್ದರೆ ಉಳಿದ ಶಿಲ್ಕು ಆ ಮೊತ್ತದ ಎರಡರಷ್ಟು ಇರುತ್ತದೆ. ಹಮಾಲಿಯ 900ನ್ನು ಉಲ್ಟಾ ಬರೆದಿದ್ದರೆ 1,800 ಉಳಿಯುತ್ತಿತ್ತು. ಉಳಿದ ಶಿಲ್ಕು ನಿಮ್ಮ ಜರ್ನಲ್‌ನಲ್ಲಿರುವ ಯಾವುದಾದರೂ ಮೊತ್ತಕ್ಕೆ ಸರಿಯಾಗಿ ಸಮವಾಗಿದ್ದರೆ, ಅನಾಮತ್ತು ಖಾತೆಯ ಅಗತ್ಯವಿಲ್ಲದ ಎರಡು ಬದಿಯ ತಪ್ಪನ್ನು ಅದರ ಮೂಲಕ ತಿದ್ದಿದ್ದೀರಿ ಎಂಬ ಅನುಮಾನ ಪಡಿ.

ಹುಡುಗ ಈ ಪುಟವನ್ನು ಸಾಹುಕಾರರ ಮುಂದೆ ಹಿಡಿದು, “ಎಲ್ಲ ತಾಳೆಯಾಯಿತು, ಅಪ್ಪಾಜಿ” ಎಂದ. ಅವರು ಓದಿದ್ದು ಏಳನೆಯ ತರಗತಿ. ಪುಟ ನೋಡಲಿಲ್ಲ. “ಆಯಿತು ತಮ್ಮಾ, ಆ ಹೊಸ ತೂಕದ ಕಾಂಟಾ ಎಲ್ಲಿ ಬರೆದಿದ್ದೀ?” ಎಂದು ಕೇಳಿದರು. ಮುಂದಿನ ಹಂತ ಅಲ್ಲಿಂದ ಶುರುವಾಯಿತು.

## ಹಂತ 6: ತಾಳೆಪಟ್ಟಿ ಹೇಳದ ತಪ್ಪುಗಳಿಗೆ ಬಲೆ ಬೀಸಿ

ತಾಳೆಪಟ್ಟಿ ನೋಡುವುದು ಒಂದನ್ನೇ: ಎಷ್ಟು ಡೆಬಿಟ್ ಆಗಿದೆಯೋ ಅಷ್ಟೇ ಕ್ರೆಡಿಟ್ ಆಗಿದೆಯೇ? ಯಾವ ಖಾತೆಗೆ, ಯಾಕೆ, ನಿಜವಾದ ಮೊತ್ತವೇ ಎಂದು ಅದು ಕೇಳುವುದಿಲ್ಲ. ಎರಡೂ ಬದಿಗೆ ಸಮನಾಗಿ ಬಿದ್ದ ತಪ್ಪು ಅದರ ಕಣ್ಣಿಗೆ ಸರಿ.

ತತ್ವದ ತಪ್ಪು. ಅಂಗಡಿಗೆ 24,000 ರೂಪಾಯಿ ಕೊಟ್ಟು ಎಲೆಕ್ಟ್ರಾನಿಕ್ ಕಾಂಟಾ ತಂದಿದ್ದರು. ಅದನ್ನು ರಿಪೇರಿ ಖಾತೆಗೆ ಏರಿಸಲಾಗಿತ್ತು, ಏಕೆಂದರೆ ಹಳೆಯ ಕಾಂಟಾ ರಿಪೇರಿ ಮಾಡುತ್ತಿದ್ದ ಅಂಗಡಿಯಿಂದಲೇ ಹೊಸದೂ ಬಂದಿತ್ತು, ಬಿಲ್ಲಿನ ತಲೆಯಲ್ಲಿ ಅದೇ ಹೆಸರು. ವರ್ಷಗಟ್ಟಲೆ ಬಾಳುವ ಆಸ್ತಿ ಒಂದೇ ವರ್ಷದ ಖರ್ಚಾಗಿ ಕೂತಿತ್ತು. ಮೂರು ಸಾಲಿನ ಪರೀಕ್ಷೆಗೆ ಹಾಕಿದರೆ ತಾನೇ ಸಮವಾಗುತ್ತದೆ.

ಕಾಂಟಾ ಖಾತೆ ಡೆಬಿಟ್ 24,000
ರಿಪೇರಿ ಖಾತೆ ಕ್ರೆಡಿಟ್ 24,000

ಇದನ್ನು ಹಿಡಿಯುವ ಬಲೆ ಸರಳ. ರಿಪೇರಿ, ಇತರೆ ಖರ್ಚು, ಬಾಡಿಗೆ ಮುಂತಾದ ಖಾತೆಗಳಲ್ಲಿ ಪ್ರತಿ ತಿಂಗಳ ಮೊತ್ತವನ್ನು ಅಕ್ಕಪಕ್ಕ ಬರೆಯಿರಿ. ತಿಂಗಳಿಗೆ ಸಾವಿರ, ಒಂದೂವರೆ ಸಾವಿರ ಇರುವ ಖಾತೆಯಲ್ಲಿ ಒಮ್ಮೆಲೇ 25,000 ಕಂಡರೆ ಆ ತಿಂಗಳ ವೋಚರು ತೆಗೆದು ನೋಡಿ. ಕಾಂಟಾ ಆಸ್ತಿಯಾದ ಮೇಲೆ ಅದಕ್ಕೆ ಸವಕಳಿ ಹಾಕುವುದನ್ನು ಮರೆಯಬೇಡಿ. ಅದು ತಿದ್ದುಪಡಿಯ ನಂತರದ ಪ್ರತ್ಯೇಕ ನಮೂದು.

ಪೂರ್ತಿ ಬಿಟ್ಟುಹೋದ ವ್ಯವಹಾರ. ಕಾರಟಗಿಯ ವ್ಯಾಪಾರಿಗೆ 18,500 ರೂಪಾಯಿಯ ಅಕ್ಕಿ ಉದರಿ ಹೋಗಿತ್ತು. ಬಿಲ್ ಹರಿದು ಲಾರಿಯೊಂದಿಗೆ ಕಳಿಸಿದ್ದರು, ಮಾರಾಟ ಪುಸ್ತಕಕ್ಕೆ ಬರೆದಿರಲಿಲ್ಲ. ಎರಡೂ ಬದಿಯಲ್ಲಿ ಇಲ್ಲದ್ದನ್ನು ಯಾವ ತಾಳೆಪಟ್ಟಿಯೂ ತೋರಿಸದು. ಇದನ್ನು ಹಿಡಿಯಲು ಬಿಲ್ ಪುಸ್ತಕದ ಕ್ರಮಸಂಖ್ಯೆ ಬೇಕು. ಮಾರಾಟ ಪುಸ್ತಕದಲ್ಲಿ 412 ಆದ ಮೇಲೆ 414 ಬಂದಿತ್ತು. 413ರ ಎರಡನೆಯ ಪ್ರತಿ ಬಿಲ್ ಪುಸ್ತಕದಲ್ಲಿಯೇ ಇತ್ತು, ರದ್ದು ಎಂದು ಬರೆದಿರಲಿಲ್ಲ.

ಕಾರಟಗಿ ವ್ಯಾಪಾರಿಯ ಖಾತೆ ಡೆಬಿಟ್ 18,500
ಮಾರಾಟ ಖಾತೆ ಕ್ರೆಡಿಟ್ 18,500

ಇಲ್ಲಿ ಒಂದು ಪ್ರಶ್ನೆ ಬರುತ್ತದೆ: ಕೊನೆಯ ದಾಸ್ತಾನನ್ನೂ ತಿದ್ದಬೇಕೇ? ಮಾರ್ಚ್ 31ರಂದು ಗೋದಾಮಿನಲ್ಲಿ ಚೀಲ ಎಣಿಸಿ ದಾಸ್ತಾನು ಬರೆದಿದ್ದರೆ ಬೇಡ. ಆ ಅಕ್ಕಿ ಆಗಲೇ ಹೊರಹೋಗಿತ್ತು, ಎಣಿಕೆಯಲ್ಲಿ ಬಂದಿಲ್ಲ. ಎಣಿಸದೆ ಪುಸ್ತಕದ ಲೆಕ್ಕದಿಂದಲೇ ದಾಸ್ತಾನು ತೆಗೆದಿದ್ದರೆ ಆ ಚೀಲಗಳ ಅಸಲು ಬೆಲೆಯನ್ನು ದಾಸ್ತಾನಿನಿಂದ ಕಳೆಯಬೇಕು.

ಖರೀದಿ ಬಿಟ್ಟುಹೋಗಿದ್ದರೆ ನಿಮ್ಮ ಬಿಲ್ ಪುಸ್ತಕ ನೆರವಿಗೆ ಬಾರದು, ಬಿಲ್ ಹರಿದವರು ಬೇರೆಯವರು. ಜಿಎಸ್‌ಟಿ ನೋಂದಣಿ ಇದ್ದವರು ಪೋರ್ಟಲ್‌ನಲ್ಲಿ ಸಿಗುವ GSTR-2B ಪಟ್ಟಿಯನ್ನು ಖರೀದಿ ಪುಸ್ತಕದೊಂದಿಗೆ ಹೋಲಿಸಿದರೆ, ಪೂರೈಕೆದಾರರು ತೋರಿಸಿಯೂ ನೀವು ಬರೆಯದ ತೆರಿಗೆ ಬಿಲ್ಲುಗಳು ಸಿಗುತ್ತವೆ.

ಬೇರೆಯವರ ಖಾತೆಗೆ ಹೋದ ಹಣ. ಸಿಂಧನೂರಿನಲ್ಲಿ ಒಂದೇ ಅಡ್ಡಹೆಸರಿನ ಇಬ್ಬರು ಗಿರಾಕಿಗಳು. ಒಬ್ಬರು ಕೊಟ್ಟ 15,000 ರೂಪಾಯಿ ಇನ್ನೊಬ್ಬರ ಖಾತೆಗೆ ಜಮೆಯಾಗಿತ್ತು. ಬದಿ ಸರಿ, ಮೊತ್ತ ಸರಿ, ಮನುಷ್ಯ ತಪ್ಪು.

ತಪ್ಪಾಗಿ ಜಮೆಯಾದ ಗಿರಾಕಿಯ ಖಾತೆ ಡೆಬಿಟ್ 15,000
ಹಣ ಕೊಟ್ಟ ಗಿರಾಕಿಯ ಖಾತೆ ಕ್ರೆಡಿಟ್ 15,000

ಇದಕ್ಕೆ ಬಲೆ ಎಂದರೆ ಬಾಕಿ ದೃಢೀಕರಣದ ಪತ್ರ. ‘ನಮ್ಮ ಪುಸ್ತಕದ ಪ್ರಕಾರ ಮಾರ್ಚ್ 31ಕ್ಕೆ ನಿಮ್ಮಿಂದ ಬರಬೇಕಾದದ್ದು ಇಷ್ಟು, ಸರಿಯಿದೆಯೇ ತಿಳಿಸಿ’ ಎಂಬ ಎರಡು ಸಾಲು, ಮೊಬೈಲ್ ಸಂದೇಶವಾದರೂ ಸಾಕು. ಅನುಮಾನ ಬಂದವರಿಗೆ ಮಾತ್ರ ಕಳಿಸುವ ಅಭ್ಯಾಸ ಬೇಡ, ಎಲ್ಲರಿಗೂ ಕಳಿಸಿ. ಯಾರ ಖಾತೆಯಲ್ಲಿ ಬಾಕಿ ಹೆಚ್ಚು ಕಾಣುತ್ತದೆಯೋ ಅವರು ಅದೇ ದಿನ ಫೋನ್ ಮಾಡುತ್ತಾರೆ. ಬಾಕಿ ಕಡಿಮೆ ಕಂಡವರು ಉತ್ತರ ಬರೆಯಲು ಮರೆಯುತ್ತಾರೆ! ಉತ್ತರ ಬಾರದ ಖಾತೆಗಳನ್ನು ಇನ್ನೊಮ್ಮೆ ನೋಡಲು ಅದೇ ಸಾಕಷ್ಟು ಕಾರಣ.

ಇನ್ನುಳಿದ ಮೂರು ಬಗೆ ಈ ಪುಸ್ತಕದಲ್ಲಿ ಇರಲಿಲ್ಲ, ಚುಟುಕಾಗಿ ಹೇಳುತ್ತೇನೆ. ಬಿಲ್ಲಿನ 8,900ನ್ನು ಮಾರಾಟ ಪುಸ್ತಕದಲ್ಲೇ 9,800 ಎಂದು ಬರೆದರೆ ಎರಡೂ ಖಾತೆಗೆ 9,800 ಹೋಗುತ್ತದೆ. ಡೆಬಿಟ್ ಆಗಬೇಕಾದ ಖಾತೆ ಕ್ರೆಡಿಟ್ ಆಗಿ, ಕ್ರೆಡಿಟ್ ಆಗಬೇಕಾದದ್ದು ಡೆಬಿಟ್ ಆದರೆ ಎರಡು ಪಟ್ಟು ಮೊತ್ತದಿಂದ ತಿದ್ದಬೇಕು. ಸಂಬಂಧವಿಲ್ಲದ ಎರಡು ತಪ್ಪುಗಳು ಒಂದನ್ನೊಂದು ನುಂಗಿಕೊಳ್ಳುವುದು ಮೂರನೆಯದು. ಈ ಮೂರನೆಯದರಲ್ಲಿ ಎಚ್ಚರ ಬೇಕು: ಎರಡರಲ್ಲಿ ಒಂದು ಮಾತ್ರ ಸಿಕ್ಕಿ ಅದನ್ನು ತಿದ್ದಿದರೆ, ಅಲ್ಲಿಯವರೆಗೆ ಕೂಡಿದ್ದ ತಾಳೆಪಟ್ಟಿ ಕೂಡದಾಗುತ್ತದೆ. ತಿದ್ದಿದ್ದು ತಪ್ಪಾಯಿತೆಂದು ಹಿಂದೆಗೆಯಬೇಡಿ, ಜೋಡಿ ತಪ್ಪು ಇನ್ನೂ ಒಳಗಿದೆ.

## ಹಂತ 7: ಲಾಭದ ಮೇಲಿನ ಪರಿಣಾಮ ಎಣಿಸಿ

ತಿದ್ದುವ ಮುನ್ನ ಅಂಗಡಿಯ ಲಾಭ 2,10,000 ಎಂದು ತೆಗೆದಿದ್ದರು. ಪ್ರತಿ ತಿದ್ದುಪಡಿಯ ಮುಂದೆ ಒಂದೇ ಪ್ರಶ್ನೆ ಕೇಳಿ: ಮುಟ್ಟಿದ ಖಾತೆ ಲಾಭ ನಷ್ಟದ ಲೆಕ್ಕಕ್ಕೆ ಹೋಗುವಂಥದ್ದೇ? ಖರೀದಿ, ಹಮಾಲಿ, ರಿಪೇರಿ, ಮಾರಾಟ ಹೋಗುತ್ತವೆ. ಗಿರಾಕಿಗಳ ಖಾತೆ, ಕಾಂಟಾ ಖಾತೆ, ಅನಾಮತ್ತು ಖಾತೆ ಹೋಗುವುದಿಲ್ಲ.

ಅನಾಮತ್ತು ಖಾತೆಯ ಮೂಲಕ ತಿದ್ದಿದವುಗಳಲ್ಲಿ ಖರೀದಿ 10,000 ಇಳಿದು ಲಾಭ ಏರಿತು, ಹಮಾಲಿ 900 ಏರಿ ಲಾಭ ಇಳಿಯಿತು. ನಿವ್ವಳ 9,100 ಸೇರಿ ಲಾಭ 2,19,100 ಆಯಿತು. ಕುಷ್ಟಗಿಯ 12,400 ಅತ್ಯಂತ ದೊಡ್ಡ ಮೊತ್ತವಾದರೂ ಲಾಭಕ್ಕೆ ಅದು ತಟ್ಟುವುದೇ ಇಲ್ಲ.

ತಾಳೆಪಟ್ಟಿ ತೋರಿಸದ ತಪ್ಪುಗಳಲ್ಲಿ ರಿಪೇರಿ 24,000 ಇಳಿಯಿತು, ಮಾರಾಟ 18,500 ಏರಿತು. ಒಟ್ಟು 42,500. ಕಾಂಟಾದ ಸವಕಳಿ ಕಳೆಯುವ ಮುನ್ನ ಲಾಭ 2,61,600. ಹುಡುಗ ಮೂರು ರಾತ್ರಿ ನಿದ್ದೆಗೆಟ್ಟ ತಪ್ಪುಗಳು ಲಾಭವನ್ನು ಅಲುಗಿಸಿದ್ದು 9,100 ರೂಪಾಯಿಯಷ್ಟು. ಯಾರೂ ಹುಡುಕದೆ ಬಿಟ್ಟಿದ್ದವು ಅಲುಗಿಸಿದ್ದು 42,500.

## ಕಂಪ್ಯೂಟರ್‌ನಲ್ಲಿ ಲೆಕ್ಕ ಬರೆಯುವವರಿಗೆ

ಟ್ಯಾಲಿ ಬಳಸುವ ಅಂಗಡಿಯವರು ಇದೆಲ್ಲ ನಮಗೆ ಬೇಡವೆನ್ನುತ್ತಾರೆ. ಅರ್ಧ ನಿಜ. ಡೆಬಿಟ್ ಕ್ರೆಡಿಟ್ ಸಮವಾಗದ ವೋಚರನ್ನು ಅದು ಉಳಿಸಿಕೊಳ್ಳುವುದಿಲ್ಲ, ಕೂಡಿಕೆಯೂ ತಪ್ಪುವುದಿಲ್ಲ. ಹಾಗಾಗಿ ಹಂತ 4ರ ತಪ್ಪುಗಳು ಬಹುತೇಕ ಹುಟ್ಟುವುದೇ ಇಲ್ಲ. ಹಳೆಯ ಪುಸ್ತಕದಿಂದ ಆರಂಭದ ಶಿಲ್ಕುಗಳನ್ನು ತುಂಬುವಾಗ ಒಂದನ್ನು ಬಿಟ್ಟರೆ ಅಥವಾ ಬದಿ ತಪ್ಪಿದರೆ ಮಾತ್ರ `Difference in opening balances` ಎಂಬ ಸಾಲು ಬಂದು ನಿಲ್ಲುತ್ತದೆ. ಅದನ್ನು ಬೇರೆ ಖಾತೆಗೆ ತಳ್ಳಿ ಮರೆಮಾಡದೆ ಹಳೆಯ ಪಟ್ಟಿಯೊಂದಿಗೆ ಒಂದೊಂದೇ ಖಾತೆ ಹೋಲಿಸಿ. ಹಂತ 6ರ ತಪ್ಪುಗಳು ಮಾತ್ರ ಕಂಪ್ಯೂಟರ್‌ನಲ್ಲೂ ಹಾಗೆಯೇ ಉಳಿಯುತ್ತವೆ. ಪಟ್ಟಿಯಿಂದ ಖಾತೆ ಆರಿಸುವಾಗ ಕೆಳಗಿನ ಹೆಸರಿನ ಮೇಲೆ ಬೆರಳು ಒತ್ತಿದರೆ ಸಿಂಧನೂರಿನ ಹಣ ಇನ್ನೂ ಸುಲಭವಾಗಿ ಬೇರೆಯವರಿಗೆ ಹೋಗುತ್ತದೆ.

ಅದರಲ್ಲಿರುವ `Suspense A/c` ಎಂಬ ಅನಾಮತ್ತು ಖಾತೆಯ ಗುಂಪನ್ನು ಈಗ ಹೆಚ್ಚಾಗಿ ಬಳಸುವುದು ಬೇರೆ ಕೆಲಸಕ್ಕೆ: ಬ್ಯಾಂಕಿಗೆ ಯಾರದೋ ಹಣ ಬಂದಿದೆ, ಯಾರೆಂದು ತಿಳಿದಿಲ್ಲ. ಅಲ್ಲಿ ನಿಜವಾದ ಹಣವಿದೆ, ಹೆಸರು ಮಾತ್ರ ಗೊತ್ತಿಲ್ಲ. ತಾಳೆಪಟ್ಟಿಯ ವ್ಯತ್ಯಾಸವನ್ನೂ ಇದನ್ನೂ ಒಂದೇ ಖಾತೆಯಲ್ಲಿ ಬೆರೆಸಿದರೆ ಎರಡೂ ತೀರುವುದಿಲ್ಲ, ಎರಡು ಖಾತೆ ತೆರೆಯಿರಿ.

## ಲೆಕ್ಕ ಮುಗಿದ ಮೇಲೆ ತಪ್ಪು ಸಿಕ್ಕರೆ

ಖರೀದಿ ಪುಸ್ತಕದ 10,000 ಮಾರ್ಚ್‌ನಲ್ಲಿ ಸಿಗದೆ ಜುಲೈನಲ್ಲಿ ಸಿಕ್ಕಿದ್ದರೆ? ಹೋದ ವರ್ಷದ ಖರೀದಿ ಖಾತೆ ಆಗಲೇ ಮುಚ್ಚಿದೆ. ಈ ವರ್ಷದ ಖರೀದಿಗೆ ಕ್ರೆಡಿಟ್ ಮಾಡಿದರೆ ಹೋದ ವರ್ಷದ ತಪ್ಪು ಈ ವರ್ಷದ ಲಾಭವನ್ನು ಉಬ್ಬಿಸುತ್ತದೆ. ಆದ್ದರಿಂದ ಖರೀದಿ ಖಾತೆಯ ಜಾಗದಲ್ಲಿ ಲಾಭ ನಷ್ಟ ಹೊಂದಾಣಿಕೆ ಖಾತೆಯನ್ನು ಬರೆಯಿರಿ.

ಅನಾಮತ್ತು ಖಾತೆ ಡೆಬಿಟ್ 10,000
ಲಾಭ ನಷ್ಟ ಹೊಂದಾಣಿಕೆ ಖಾತೆ ಕ್ರೆಡಿಟ್ 10,000

ಹಮಾಲಿ, ರಿಪೇರಿ, ಮಾರಾಟದಂಥ ಖಾತೆಗಳಿಗೂ ಇದೇ ಕ್ರಮ. ಗಿರಾಕಿಗಳ ಮತ್ತು ಆಸ್ತಿಗಳ ಖಾತೆಗಳು ವರ್ಷದಿಂದ ವರ್ಷಕ್ಕೆ ನಡೆದು ಬರುವುದರಿಂದ ಅವನ್ನು ನೇರವಾಗಿ ಅವುಗಳ ಹೆಸರಿನಲ್ಲೇ ತಿದ್ದಬೇಕು. ಎಲ್ಲ ತಿದ್ದುಪಡಿ ಮುಗಿದ ಮೇಲೆ ಹೊಂದಾಣಿಕೆ ಖಾತೆಯಲ್ಲಿ ಉಳಿದ ಶಿಲ್ಕು ಮಾಲೀಕರ ಬಂಡವಾಳ ಖಾತೆಗೆ ಹೋಗುತ್ತದೆ. ಪಾಲುದಾರಿಕೆಯ ಅಂಗಡಿಯಾದರೆ ತಪ್ಪು ನಡೆದ ವರ್ಷದ ಲಾಭದ ಅನುಪಾತದಲ್ಲಿ ಹಂಚಬೇಕು, ತಪ್ಪು ಸಿಕ್ಕ ವರ್ಷದ ಅನುಪಾತದಲ್ಲಿ ಅಲ್ಲ.